ಮೊದಲ ಎಂಟು ಮಕ್ಕಳ ಅಂಕ ಮುಂದಿನ ಪರೀಕ್ಷೆಯಲ್ಲಿ ಇಳಿದಿದ್ದೇಕೆ?

ಪ್ರಶ್ನೆ: ಮಂಡ್ಯ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಒಟ್ಟು 60 ಮಕ್ಕಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮೊದಲ ಎಂಟು ಮಕ್ಕಳ ಸರಾಸರಿ 80ಕ್ಕೆ 70 ಇತ್ತು. ಬೆಳಗಿನ ಪ್ರಾರ್ಥನೆಯಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆವು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ಎಂಟು ಮಕ್ಕಳ ಸರಾಸರಿ 62ಕ್ಕೆ ಇಳಿಯಿತು. ಕೊನೆಯ ಎಂಟು ಮಕ್ಕಳನ್ನು ಬೈದು, ಸಂಜೆ ಕೂರಿಸಿಕೊಂಡು ಪಾಠ ಮಾಡಿದೆ. ಅವರು 24ರಿಂದ 31ಕ್ಕೆ ಬಂದರು. ಇಡೀ ತರಗತಿಯ ಸರಾಸರಿ ಎರಡು ಸಲವೂ 46. ಹೊಗಳಿದ್ದಕ್ಕೆ ಕೆಟ್ಟರು ಅಂತ ಸಹೋದ್ಯೋಗಿಗಳು ಹೇಳುತ್ತಾರೆ, ದೃಷ್ಟಿಯಾಯಿತು ಅಂತ ತಾಯಂದಿರು. ನಿಜಕ್ಕೂ ಆಗಿದ್ದೇನು?

ಉತ್ತರ: ಮೇಡಂ, ಮೊದಲು ನೀವು ಕೊಟ್ಟ ಅಂಕಿಗಳನ್ನೇ ಸ್ವಲ್ಪ ಬೇರೆ ರೀತಿ ಬರೆದು ನೋಡೋಣ. ಮೊದಲ ಎಂಟು ಮಕ್ಕಳು ಅರ್ಧವಾರ್ಷಿಕದಲ್ಲಿ ತರಗತಿಯ ಸರಾಸರಿಗಿಂತ 24 ಅಂಕ ಮೇಲಿದ್ದರು, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 16 ಅಂಕ ಮೇಲಿದ್ದಾರೆ. ಕೊನೆಯ ಎಂಟು ಮಕ್ಕಳು ಆಗ 22 ಅಂಕ ಕೆಳಗಿದ್ದರು, ಈಗ 15 ಅಂಕ ಕೆಳಗಿದ್ದಾರೆ. 24ರಲ್ಲಿ 16 ಅಂದರೆ ಮೂರರಲ್ಲಿ ಎರಡು ಪಾಲು. 22ರಲ್ಲಿ 15 ಅಂದರೂ ಹತ್ತಿರ ಹತ್ತಿರ ಅಷ್ಟೇ. ಹೊಗಳಿಸಿಕೊಂಡವರು ಮತ್ತು ಬೈಸಿಕೊಂಡವರು, ಸಂಜೆ ಪಾಠ ಕೇಳಿದವರು ಮತ್ತು ಕೇಳದವರು, ಇಬ್ಬರೂ ಸರಾಸರಿಯ ಕಡೆಗೆ ಒಂದೇ ಪ್ರಮಾಣದಲ್ಲಿ ಸರಿದಿದ್ದಾರೆ. ಚಪ್ಪಾಳೆ ಒಂದು ತುದಿಯನ್ನು ಎಳೆದು, ಸಂಜೆ ಪಾಠ ಇನ್ನೊಂದು ತುದಿಯನ್ನು ಎತ್ತಿ, ಎರಡೂ ಆಕಸ್ಮಿಕವಾಗಿ ಒಂದೇ ಅಳತೆಗೆ ನಿಂತಿರುವ ಸಾಧ್ಯತೆ ಕಡಿಮೆ. ಎರಡೂ ತುದಿಯಲ್ಲಿ ಕೆಲಸ ಮಾಡಿರುವುದು ಒಂದೇ ಕಾರಣ. ಅದನ್ನು ಸಂಖ್ಯಾಶಾಸ್ತ್ರದಲ್ಲಿ ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ.

ಆ ಕಾರಣ ಇರುವುದು ಮಕ್ಕಳಲ್ಲಲ್ಲ, ನೀವು ಆ ಎಂಟು ಮಂದಿಯನ್ನು ಆರಿಸಿದ ವಿಧಾನದಲ್ಲಿ. ಯಾವುದೇ ಪರೀಕ್ಷೆಯ ಅಂಕದಲ್ಲಿ ಎರಡು ಪಾಲು ಬೆರೆತಿರುತ್ತವೆ. ಒಂದು, ಮಗುವಿಗೆ ವಿಷಯದ ಮೇಲಿರುವ ಹಿಡಿತ. ಇದು ಇವತ್ತೂ ಇರುತ್ತದೆ, ಮುಂದಿನ ತಿಂಗಳೂ ಇರುತ್ತದೆ. ಇನ್ನೊಂದು, ಆ ದಿನದ ಪಾಲು. ಹಿಂದಿನ ರಾತ್ರಿ ನೋಡಿಕೊಂಡಿದ್ದ ಥೇಲ್ಸ್ ಪ್ರಮೇಯವೇ ಪತ್ರಿಕೆಯಲ್ಲಿ ಬಂದದ್ದು, ವರ್ಗ ಸಮೀಕರಣದಲ್ಲಿ ಋಣ ಚಿಹ್ನೆ ತಪ್ಪಿಹೋಗಿದ್ದು ಕೊನೆಯ ಐದು ನಿಮಿಷದಲ್ಲಿ ಕಣ್ಣಿಗೆ ಬಿದ್ದದ್ದು, ಜ್ವರ ಇಲ್ಲದಿದ್ದದ್ದು, ಊಹಿಸಿ ಗುರುತು ಮಾಡಿದ ಆಯ್ಕೆಯೇ ಸರಿಯಾದದ್ದು, ಹಂತಕ್ಕೆ ಅಂಕ ಕೊಡುವಾಗ ಮೌಲ್ಯಮಾಪಕರು ಅರ್ಧ ಅಂಕವನ್ನು ಮೇಲಕ್ಕೆ ಹಾಕಿದ್ದು, ಇವೆಲ್ಲ ಅದರಲ್ಲಿ ಸೇರುತ್ತವೆ. ಈ ಪಾಲು ಒಂದೊಂದು ಸಲ ಮಗುವಿಗೆ ನಾಲ್ಕು ಅಂಕ ಸೇರಿಸುತ್ತದೆ, ಇನ್ನೊಂದು ಸಲ ಏಳು ಅಂಕ ಕಳೆಯುತ್ತದೆ. ಇಡೀ ತರಗತಿಯಲ್ಲಿ ಕೂಡಿದ್ದಕ್ಕೆ ಕಳೆದದ್ದು ಸರಿಹೋಗುತ್ತದೆ. ಅದಕ್ಕೇ 60 ಮಕ್ಕಳ ಸರಾಸರಿ ಅಲುಗುವುದಿಲ್ಲ.

ಆದರೆ ನೀವು ಪಟ್ಟಿಯ ತುದಿಯ ಎಂಟು ಹೆಸರನ್ನು ಮಾತ್ರ ಎತ್ತಿಕೊಂಡಿರಿ. ಆ ತುದಿಗೆ ಬರಬೇಕಾದರೆ ಹಿಡಿತವೂ ಚೆನ್ನಾಗಿರಬೇಕು, ಆ ದಿನವೂ ಕೈಹಿಡಿದಿರಬೇಕು. ಅಷ್ಟೇ ಹಿಡಿತ ಇದ್ದೂ ಆ ದಿನ ಕೈಕೊಟ್ಟ ಮಕ್ಕಳು ಹನ್ನೆರಡನೆಯ, ಹದಿನೈದನೆಯ ಸ್ಥಾನದಲ್ಲಿ ಉಳಿದುಬಿಟ್ಟರು. ಹಾಗಾಗಿ ಆ ಎಂಟು ಮಕ್ಕಳ 24 ಅಂಕದ ಮುನ್ನಡೆಯಲ್ಲಿ ಸುಮಾರು 16 ಹಿಡಿತದ್ದು, ಸುಮಾರು 8 ಆ ದಿನದ್ದು. ಹೊಸ ಪರೀಕ್ಷೆ ಬಂದಾಗ 16 ಜೊತೆಗೇ ಬರುತ್ತದೆ. 8 ಮಾತ್ರ ಮತ್ತೆ ಹೊಸದಾಗಿ ಹಂಚಿಕೆಯಾಗುತ್ತದೆ. ಎಂಟರಲ್ಲಿ ಕೆಲವರಿಗೆ ಕೂಡುತ್ತದೆ, ಕೆಲವರಿಗೆ ಕಳೆಯುತ್ತದೆ, ಒಟ್ಟಿನಲ್ಲಿ ಸೊನ್ನೆಯ ಹತ್ತಿರ ಬರುತ್ತದೆ. 46ಕ್ಕೆ 16 ಕೂಡಿಸಿದರೆ ನಿಮ್ಮ 62.

ಇಲ್ಲಿ ಬಹಳ ಜನ ಎಡವುತ್ತಾರೆ. ಮೇಲೆ ಹೋದದ್ದು ಕೆಳಗೆ ಬರಲೇಬೇಕು ಎಂದು ಯಾವುದೋ ಶಕ್ತಿ ಎಳೆಯುತ್ತಿದೆ ಎಂದುಕೊಳ್ಳುತ್ತಾರೆ. ಅಂಥದ್ದೇನೂ ಇಲ್ಲ. ಎರಡನೇ ಸಲ ಆ ಮಕ್ಕಳಿಗೆ ದುರದೃಷ್ಟ ಬಂದಿಲ್ಲ. ಮೊದಲ ಸಲ ಬಂದಿದ್ದ ವಿಶೇಷ ಅನುಕೂಲ ಎರಡನೇ ಸಲ ಎಂಟೂ ಜನಕ್ಕೆ ಒಟ್ಟಿಗೆ ಬರಲಿಲ್ಲ, ಅಷ್ಟೆ.

ಇದನ್ನು ನಂಬಲು ನನ್ನ ಮಾತು ಬೇಕಾಗಿಲ್ಲ, ನಿಮ್ಮ ಅಂಕಪಟ್ಟಿಯೇ ಸಾಕು. ಈ ಸಲ ಪೂರ್ವಸಿದ್ಧತಾ ಪರೀಕ್ಷೆಯ ಅಂಕದ ಪ್ರಕಾರ ಪಟ್ಟಿಯನ್ನು ಜೋಡಿಸಿ, ಅದರ ಮೊದಲ ಎಂಟು ಮಕ್ಕಳನ್ನು ತೆಗೆದುಕೊಳ್ಳಿ. ಅವರಲ್ಲಿ ಅರ್ಧದಷ್ಟು ಹಳೆಯ ಹೆಸರುಗಳಿರುತ್ತವೆ, ಅರ್ಧದಷ್ಟು ಹೊಸವು. ಅವರ ಈಗಿನ ಸರಾಸರಿ 70ರ ಆಸುಪಾಸು ಇರುತ್ತದೆ. ಈಗ ಅದೇ ಎಂಟು ಮಕ್ಕಳು ಅರ್ಧವಾರ್ಷಿಕದಲ್ಲಿ ಎಷ್ಟು ತೆಗೆದಿದ್ದರು ಎಂದು ಹಿಂದಕ್ಕೆ ನೋಡಿ. 62ರ ಹತ್ತಿರವೇ ಸಿಗಬೇಕು. ಅಂದರೆ ಹಿಂದಿನಿಂದ ಮುಂದಕ್ಕೆ ನೋಡಿದರೆ ಜಾಣರು ಇಳಿದಂತೆ ಕಾಣುತ್ತದೆ, ಮುಂದಿನಿಂದ ಹಿಂದಕ್ಕೆ ನೋಡಿದರೆ ಜಾಣರು ಏರಿ ಬಂದಂತೆ ಕಾಣುತ್ತದೆ. ಅರ್ಧವಾರ್ಷಿಕ ಮುಗಿದ ಮೇಲೆ ಹೊಡೆಸಿದ ಚಪ್ಪಾಳೆ ಅರ್ಧವಾರ್ಷಿಕದ ಅಂಕವನ್ನು ಬದಲಾಯಿಸಲಾರದು. ಹಿಂದಕ್ಕೆ ನೋಡಿದಾಗಲೂ ಅದೇ ಎಂಟು ಅಂಕದ ಅಂತರ ಸಿಕ್ಕರೆ, ಅದು ಹೊಗಳಿಕೆಯ ಫಲ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ತಿರುಗುಮುರುಗು ಲೆಕ್ಕ ಹೊಸದಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಬೆಳೆದ ಮಕ್ಕಳ ಎತ್ತರಗಳನ್ನು ಹೋಲಿಸಿ ಪ್ರಕಟಿಸಿದ. ಬಹಳ ಎತ್ತರದ ತಂದೆತಾಯಿಯ ಮಕ್ಕಳು ಎತ್ತರವಾಗೇ ಇದ್ದರು, ಆದರೆ ಸರಾಸರಿಯಿಂದ ಅವರ ದೂರ ತಂದೆತಾಯಿಯ ದೂರದ ಮೂರನೇ ಎರಡು ಪಾಲು ಮಾತ್ರ ಇತ್ತು. ಬಹಳ ಎತ್ತರದ ಮಕ್ಕಳಿಂದ ಶುರುಮಾಡಿ ತಂದೆತಾಯಿಯನ್ನು ನೋಡಿದಾಗಲೂ ಅವರು ಮಕ್ಕಳಷ್ಟು ಎತ್ತರ ಇರಲಿಲ್ಲ. ರಿಗ್ರೆಶನ್ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ನಿಮ್ಮ ತರಗತಿಯಲ್ಲೂ ಮೂರನೇ ಎರಡು ಬಂದಿರುವುದು ಕಾಕತಾಳೀಯ. ಪ್ರತಿ ಪರೀಕ್ಷಾ ಜೋಡಿಗೂ ಈ ಪಾಲು ಬೇರೆ ಬೇರೆ.

ಆ ಪಾಲನ್ನು ನಿಮ್ಮ ಶಾಲೆಗೆ ಸರಿಯಾಗಿ ತೆಗೆಯುವುದು ಹೀಗೆ. ಮಾಮೂಲಿ ಸ್ಪ್ರೆಡ್‌ಶೀಟಿನಲ್ಲಿ A ಕಾಲಂನಲ್ಲಿ ಹೆಸರು, B ಕಾಲಂನಲ್ಲಿ ಮೊದಲ ಪರೀಕ್ಷೆ, C ಕಾಲಂನಲ್ಲಿ ಎರಡನೇ ಪರೀಕ್ಷೆ ತುಂಬಿ. ಮೊದಲ ಸಾಲು ಶೀರ್ಷಿಕೆಗೆ ಇರಲಿ, ಮಕ್ಕಳ ಅಂಕ 2ನೇ ಸಾಲಿನಿಂದ 61ನೇ ಸಾಲಿನವರೆಗೆ. ಯಾವುದಾದರೂ ಒಂದು ಪರೀಕ್ಷೆಗೆ ಗೈರಾದ ಮಗುವಿನ ಇಡೀ ಸಾಲನ್ನೇ ತೆಗೆದುಬಿಡಿ, ಉಳಿದ ಸಾಲುಗಳಿಗೆ ತಕ್ಕಂತೆ 61 ಎಂಬ ಸಂಖ್ಯೆಯನ್ನು ಇಳಿಸಿ. ಗೈರಿಗೆ 0 ಹಾಕಿದರೆ ಆ ಒಂದೇ ಸೊನ್ನೆ ಲೆಕ್ಕವನ್ನೆಲ್ಲ ಓರೆ ಮಾಡುತ್ತದೆ. ನಂತರ H1, H2, H3 ಕೋಶಗಳಲ್ಲಿ ಕ್ರಮವಾಗಿ ಈ ಮೂರು ಸೂತ್ರ, D2ರಲ್ಲಿ ನಾಲ್ಕನೆಯದು:

```
H1:  =AVERAGE(B2:B61)
H2:  =AVERAGE(C2:C61)
H3:  =SLOPE(C2:C61,B2:B61)
D2:  =$H$2+$H$3*(B2-$H$1)
```

H3ರಲ್ಲಿ ಬರುವುದೇ ಉಳಿಯುವ ಪಾಲು. SLOPE ಸೂತ್ರದಲ್ಲಿ ಎರಡನೇ ಪರೀಕ್ಷೆಯ ಕಾಲಂ ಮೊದಲು ಬರಬೇಕು. ತಿರುಗಿಸಿ ಹಾಕಿದರೆ ಹಿಂದಕ್ಕೆ ನೋಡುವ ಲೆಕ್ಕ ಸಿಗುತ್ತದೆ. ಎರಡು ಪತ್ರಿಕೆಗಳಲ್ಲಿ ಅಂಕಗಳ ಹರಡಿಕೆ ಒಂದೇ ತೆರನಾಗಿಲ್ಲದಿದ್ದರೆ ಈ ಎರಡು ಉತ್ತರಗಳು ಬೇರೆಯಾಗುತ್ತವೆ. D2ರ ಸೂತ್ರವನ್ನು ಕೆಳಗಿನವರೆಗೂ ಎಳೆದರೆ ಪ್ರತಿ ಮಗುವಿಗೂ ಎರಡನೇ ಪರೀಕ್ಷೆಯಲ್ಲಿ ಸಹಜವಾಗಿ ಎಷ್ಟು ನಿರೀಕ್ಷಿಸಬಹುದಿತ್ತು ಎಂಬುದು ಸಿಗುತ್ತದೆ. ಮಗು ಏರಿತೋ ಇಳಿಯಿತೋ ಎಂಬುದನ್ನು C ಕಾಲಮನ್ನು D ಜೊತೆ ಹೋಲಿಸಿ ಹೇಳಬೇಕು. ನಾವು ರೂಢಿಯಲ್ಲಿ C ಕಾಲಮನ್ನು B ಜೊತೆ ಹೋಲಿಸುತ್ತೇವೆ. ಗೊಂದಲವೆಲ್ಲ ಶುರುವಾಗುವುದು ಅಲ್ಲಿ.

ಒಂದು ಎಚ್ಚರಿಕೆ. ಈ ವರ್ಷದ ಪಟ್ಟಿಯಿಂದಲೇ ಪಾಲನ್ನು ತೆಗೆದು ಈ ವರ್ಷದ ಮಕ್ಕಳನ್ನೇ ಅಳೆದರೆ ಲೆಕ್ಕ ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತದೆ. ಕಳೆದ ವರ್ಷದ ಬ್ಯಾಚಿನ ಇದೇ ಎರಡು ಪರೀಕ್ಷೆಗಳ ಅಂಕ ಶಾಲೆಯಲ್ಲಿ ಇದ್ದೇ ಇರುತ್ತದೆ. ಆ ಪಟ್ಟಿಯಿಂದ H3 ತೆಗೆದು ಈ ವರ್ಷಕ್ಕೆ ಹಾಕಿ. ಅರ್ಧವಾರ್ಷಿಕಕ್ಕೆ ಅರ್ಧ ಪಠ್ಯ, ಪೂರ್ವಸಿದ್ಧತಾ ಪರೀಕ್ಷೆಗೆ ಪೂರ್ತಿ ಪಠ್ಯ ಇರುವುದರಿಂದ ಈ ಜೋಡಿಯಲ್ಲಿ ಪಾಲು ಸ್ವಲ್ಪ ಕಡಿಮೆಯೇ ಬರುತ್ತದೆ. ಒಂದೇ ಪಠ್ಯದ ಮೇಲೆ ವಾರದ ಅಂತರದಲ್ಲಿ ಎರಡು ಪತ್ರಿಕೆ ಕೊಟ್ಟರೆ ಹೆಚ್ಚು ಬರುತ್ತದೆ, ಆಗ ಮರಳುವಿಕೆ ಕಡಿಮೆ.

ಇನ್ನು ಒಂಟಿ ಮಗುವಿನ ವಿಷಯ. ನೀವು ಪೋಷಕರ ಸಭೆಯಲ್ಲಿ ಎದುರಿಸುವುದು ಸರಾಸರಿಯನ್ನಲ್ಲ, ಒಬ್ಬ ಅಮ್ಮನನ್ನು. ಅವರ ಮಗಳು ಅರ್ಧವಾರ್ಷಿಕದಲ್ಲಿ 76 ತೆಗೆದಿದ್ದಳು ಎಂದುಕೊಳ್ಳಿ. ಸರಾಸರಿಗಿಂತ 30 ಮೇಲೆ. ಮೂರನೇ ಎರಡು ಪಾಲು ಉಳಿದರೆ 20, ಅಂದರೆ ನಿರೀಕ್ಷೆ 66. ಆದರೆ ಇದು ಅವಳಂಥ ಅನೇಕ ಮಕ್ಕಳ ನಡುಬಿಂದು ಮಾತ್ರ. 60 ಮಕ್ಕಳಲ್ಲಿ ಮೊದಲ ಎಂಟು ಮಂದಿಯ ಸರಾಸರಿ 24 ಅಂಕ ಮೇಲಿದೆ ಎಂದರೆ ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂದು ಹೇಳುವ ಮಾನಕ ವಿಚಲನೆ ನಿಮ್ಮ ತರಗತಿಯಲ್ಲಿ ಸುಮಾರು 15 ಇರಬೇಕು. ಆ ಲೆಕ್ಕದಲ್ಲಿ ಒಂದು ಮಗುವಿನ ನಿರೀಕ್ಷೆಯ ಸುತ್ತ ಮೇಲಕ್ಕೆ 11, ಕೆಳಕ್ಕೆ 11 ಅಂಕದ ಓಲಾಟ ಇರುತ್ತದೆ, ಮೂವರಲ್ಲಿ ಇಬ್ಬರು ಅದರೊಳಗೆ ಬೀಳುತ್ತಾರೆ. ಹಾಗಾಗಿ ಆ ಹುಡುಗಿ 55 ತೆಗೆದರೂ 77 ತೆಗೆದರೂ ಒಂದು ಪರೀಕ್ಷೆಯಿಂದ ಏನನ್ನೂ ತೀರ್ಮಾನಿಸುವಂತಿಲ್ಲ. 76ರಿಂದ 64ಕ್ಕೆ ಬಂದ ಮಗುವಿನ ಪ್ರಗತಿಪತ್ರದಲ್ಲಿ ಕುಸಿತ ಎಂದು ಕೆಂಪು ಶಾಯಿಯಲ್ಲಿ ಬರೆಯಬೇಡಿ. ಅದು ಅವಳ ನಿರೀಕ್ಷೆಗಿಂತ ಎರಡೇ ಅಂಕ ಕಡಿಮೆ. ಮನೆಯಲ್ಲಿ ಆ ಒಂದು ಪದದಿಂದ ಎಷ್ಟು ನೋವಾಗುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಎಂಟು ಮಕ್ಕಳ ಸರಾಸರಿಗೆ ಈ ಓಲಾಟ ಕಡಿಮೆ, ಸುಮಾರು 4 ಅಂಕ. ಹಿಂದಿನ ಬ್ಯಾಚಿನ ಲೆಕ್ಕದಿಂದ ಅವರ ನಿರೀಕ್ಷೆ 62 ಬಂದಿದ್ದು, ಅವರು ನಿಜವಾಗಿ 50ಕ್ಕೆ ಇಳಿದಿದ್ದರೆ ಆಗ ಕಾರಣ ಹುಡುಕಲೇಬೇಕಿತ್ತು.

ಹಾಗಾದರೆ ನಿಜವಾದ ಕುಸಿತವನ್ನು ಗುರುತಿಸುವುದು ಹೇಗೆ? ನನಗೆ ಅತ್ಯಂತ ನಂಬಿಕೆಯಿರುವ ಗುರುತು ಮೂರನೇ ಪರೀಕ್ಷೆ. ಮರಳುವಿಕೆ ಒಂದೇ ಸಲ ಆಗುವಂಥದ್ದು. ಅರ್ಧವಾರ್ಷಿಕದ ಆಧಾರದ ಮೇಲೆ ಆರಿಸಿದ ಎಂಟು ಮಕ್ಕಳು ಎರಡನೆಯದರಲ್ಲಿ 62ಕ್ಕೆ ಬಂದರೆ, ಮೂರನೆಯದರಲ್ಲೂ 62ರ ಹತ್ತಿರವೇ ನಿಲ್ಲಬೇಕು. ಮೊದಲ ದಿನದ ಅನುಕೂಲ ಕಳೆದುಹೋಗಿ ಆಯಿತು, ಇನ್ನು ಕಳೆಯಲು ಏನೂ ಉಳಿದಿಲ್ಲ. ಮೂರನೆಯದರಲ್ಲಿ 56, ನಾಲ್ಕನೆಯದರಲ್ಲಿ 51 ಎಂದು ಮೆಟ್ಟಿಲಿಳಿದಂತೆ ಇಳಿದರೆ ಅದಕ್ಕೆ ಸಂಖ್ಯಾಶಾಸ್ತ್ರ ಹೊಣೆಯಲ್ಲ. ಟ್ಯೂಷನ್ ಬದಲಾಯಿತೇ, ನಿದ್ದೆ ಕೆಡುತ್ತಿದೆಯೇ, ಮನೆಯಲ್ಲಿ ತೊಂದರೆಯಿದೆಯೇ ಎಂದು ಕೇಳಬೇಕಾದದ್ದು ಆಗ.

ಇನ್ನೊಂದು ಗುರುತು ತರಗತಿಯ ಸರಾಸರಿ. ಅದೇ 46ರಿಂದ 39ಕ್ಕೆ ಬಿದ್ದರೆ ಪತ್ರಿಕೆ ಕಠಿಣವಿತ್ತು ಅಥವಾ ಪಾಠ ಮುಗಿದಿರಲಿಲ್ಲ ಎಂದರ್ಥ. ಮರಳುವಿಕೆ ಇಡೀ ಗುಂಪನ್ನು ಎಂದೂ ಇಳಿಸುವುದಿಲ್ಲ. ಹಾಗೆಯೇ 80ಕ್ಕೆ 79 ತೆಗೆದ ಮಗು ಇನ್ನು ಏರಲು ಜಾಗವೇ ಇಲ್ಲದೆ ಇಳಿಯುವುದು ಬೇರೆ ಸಂಗತಿ. ಪತ್ರಿಕೆ ತೀರಾ ಸುಲಭವಾಗಿ ಹತ್ತಾರು ಮಕ್ಕಳು ತುದಿ ಮುಟ್ಟಿದ್ದರೆ ಮೇಲಿನ ಲೆಕ್ಕ ಆ ತುದಿಯಲ್ಲಿ ಸರಿಯಾಗಿ ಕೂರುವುದಿಲ್ಲ.

ಬೈದರೆ ಕಲಿಯುತ್ತಾರೆ, ಹೊಗಳಿದರೆ ಕೆಡುತ್ತಾರೆ ಎಂಬ ನಿಮ್ಮ ಸಹೋದ್ಯೋಗಿಗಳ ಮಾತಿಗೆ ಬರೋಣ. ಅವರು ಸುಳ್ಳು ಹೇಳುತ್ತಿಲ್ಲ, ಅವರು ಕಂಡದ್ದೇ ಹಾಗೆ. ನಾವು ಹೊಗಳುವುದು ಮಗುವಿನ ಅತ್ಯುತ್ತಮ ದಿನದ ಮರುದಿನ, ಬೈಯುವುದು ಅತ್ಯಂತ ಕೆಟ್ಟ ದಿನದ ಮರುದಿನ. ಹೊಗಳಿಕೆಯ ಹಿಂದೆ ಇಳಿತ, ಬೈಗುಳದ ಹಿಂದೆ ಏರಿಕೆ ಬರುವುದು ಮಾತೇ ಆಡದಿದ್ದರೂ ಆಗುತ್ತಿತ್ತು. ಇಸ್ರೇಲಿನ ವಾಯುಪಡೆಯ ತರಬೇತುದಾರರು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಅವರಿಗೆ ಇದೇ ದೂರು ಹೇಳಿದ್ದರು. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಗದರಿಸಿದವನು ಸುಧಾರಿಸುತ್ತಾನೆ ಎಂದು. ಕಾಹ್ನೆಮನ್ ನೆಲದ ಮೇಲೆ ಒಂದು ಗುರಿ ಬರೆದು, ಆ ತರಬೇತುದಾರರಲ್ಲಿ ಪ್ರತಿಯೊಬ್ಬರಿಂದಲೂ ಬೆನ್ನು ತಿರುಗಿಸಿಕೊಂಡು ಎರಡೆರಡು ನಾಣ್ಯ ಎಸೆಸಿದರು. ಮೊದಲ ಎಸೆತ ಗುರಿಯ ಹತ್ತಿರ ಬಿದ್ದವರಲ್ಲಿ ಹೆಚ್ಚಿನವರ ಎರಡನೆಯದು ದೂರ ಹೋಯಿತು, ದೂರ ಬಿದ್ದವರದು ಹತ್ತಿರ ಬಂತು. ಅಲ್ಲಿ ಯಾರೂ ಯಾರನ್ನೂ ಹೊಗಳಿರಲಿಲ್ಲ, ಬೈದಿರಲಿಲ್ಲ.

ನಿಮ್ಮ ಸಿಬ್ಬಂದಿ ಕೊಠಡಿಯಲ್ಲೂ ಇದನ್ನು ಮಾಡಿ ತೋರಿಸಬಹುದು. ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದರೆ ಸಾಕು. ಮಕ್ಕಳಿಗಾದರೆ ಇನ್ನೂ ಚೆಂದದ ದಾರಿಯಿದೆ. 60 ಮಕ್ಕಳೂ 20 ಸರಿ-ತಪ್ಪು ಪ್ರಶ್ನೆಗಳಿಗೆ, ಪ್ರಶ್ನೆಯನ್ನೇ ಓದದೆ, ನಾಣ್ಯ ಚಿಮ್ಮಿ ಉತ್ತರ ಬರೆಯಲಿ. ಸರಾಸರಿ 10ರ ಹತ್ತಿರ ಬರುತ್ತದೆ. ಮೊದಲ ಆರು ಮಕ್ಕಳ ಸರಾಸರಿ 14ರ ಆಸುಪಾಸು ಇರುತ್ತದೆ. ಅವರನ್ನು ಎದ್ದು ನಿಲ್ಲಿಸಿ, ಮತ್ತೊಮ್ಮೆ ಚಿಮ್ಮಿಸಿ. ಈ ಸಲ ಅವರೂ 10ರ ಹತ್ತಿರ ಬರುತ್ತಾರೆ. ಹಿಡಿತದ ಪಾಲು ಸೊನ್ನೆಯಾದಾಗ ಮುನ್ನಡೆಯೂ ಪೂರ್ತಿ ಕರಗುತ್ತದೆ. ನಿಮ್ಮ ಗಣಿತ ಪತ್ರಿಕೆಯಲ್ಲಿ ಮೂರನೇ ಎರಡು ಉಳಿದಿದೆ ಎಂದರೆ ಅದು ಒಳ್ಳೆಯ ಪತ್ರಿಕೆಯೇ.

ಇದರರ್ಥ ಹೊಗಳಿಕೆಯಿಂದ ಯಾವ ಪರಿಣಾಮವೂ ಇಲ್ಲ ಎಂದಲ್ಲ. ಈ ಅಂಕಿಗಳಿಂದ ಅದು ಗೊತ್ತಾಗುವುದಿಲ್ಲ ಎಂದಷ್ಟೇ. ನಿಮ್ಮ ಸಂಜೆ ಪಾಠದ ವಿಷಯದಲ್ಲೂ ಇದೇ ಮಾತು ಹೇಳಬೇಕಾಗಿದೆ, ಹೇಳಲು ಬೇಸರವಾಗುತ್ತದೆ. ಕೊನೆಯ ಎಂಟು ಮಕ್ಕಳು ಪಾಠವಿಲ್ಲದಿದ್ದರೂ 31ರ ಹತ್ತಿರ ಬರುತ್ತಿದ್ದರು. ಪಾಠದಿಂದ ನಿಜವಾಗಿ ಎಷ್ಟು ಸಿಕ್ಕಿತು ಎಂದು ತಿಳಿಯಬೇಕಾದರೆ ಏರ್ಪಾಡನ್ನೇ ಸ್ವಲ್ಪ ಬದಲಿಸಬೇಕು.

ಮೊದಲಿಗೆ, ಮಕ್ಕಳನ್ನು ಒಂದೇ ಪರೀಕ್ಷೆಯಿಂದ ಆರಿಸಬೇಡಿ. ಎರಡು ಪರೀಕ್ಷೆಗಳ ಸರಾಸರಿ ತೆಗೆದರೆ ಆ ದಿನದ ಪಾಲು ತಕ್ಕಮಟ್ಟಿಗೆ ಪರಸ್ಪರ ಕಳೆದುಹೋಗಿ, ಉಳಿಯುವ ಪಾಲು ಮೂರನೇ ಎರಡರಿಂದ ಐದನೇ ನಾಲ್ಕಕ್ಕೆ ಏರುತ್ತದೆ. ಎರಡು ಪರೀಕ್ಷೆಗಳ ಸರಾಸರಿ 70 ಇರುವ ಮಕ್ಕಳಿಗೆ ಮುಂದಿನ ನಿರೀಕ್ಷೆ 65. ಒಂದೇ ಪರೀಕ್ಷೆಯ 70ಕ್ಕಾದರೆ 62. ಬಹುಮಾನಕ್ಕೆ ಆರಿಸುವಾಗಲೂ ಸಂಜೆ ಪಾಠಕ್ಕೆ ಆರಿಸುವಾಗಲೂ ಇದು ನ್ಯಾಯವಾದ ದಾರಿ, ಏಕೆಂದರೆ ಜ್ವರ ಬಂದ ಒಂದು ದಿನದಿಂದ ಯಾವ ಮಗುವೂ ದಡ್ಡರ ಸಾಲಿಗೆ ಬೀಳುವುದಿಲ್ಲ.

ಆಮೇಲೆ ಕೊನೆಯ 16 ಮಕ್ಕಳ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ಎಂಟನ್ನು ಎತ್ತಿ. ಎತ್ತಿದ ಎಂಟು ಮಕ್ಕಳಿಗೆ ಈ ತಿಂಗಳು ಸಂಜೆ ಪಾಠ, ಉಳಿದ ಎಂಟು ಮಕ್ಕಳಿಗೆ ಅದೇ ಪಾಠ ಮುಂದಿನ ತಿಂಗಳು. ನಡುವೆ ಒಂದು ಪರೀಕ್ಷೆ. ಮರಳುವಿಕೆ ಎರಡು ಗುಂಪಿಗೂ ಸಮನಾಗಿ ಆಗುತ್ತದೆ, ಆದ್ದರಿಂದ ಎರಡರ ನಡುವೆ ಉಳಿಯುವ ಅಂತರ ಪಾಠದ್ದು. ಯಾವ ಮಗುವೂ ಪಾಠದಿಂದ ವಂಚಿತವಾಗುವುದಿಲ್ಲ. ಚೀಟಿಯನ್ನೇ ಎತ್ತಬೇಕು. ಆಸಕ್ತಿ ಇರುವವರು ಬನ್ನಿ ಎಂದು ಕರೆದರೆ ಬರುವ ಮಕ್ಕಳೇ ಬೇರೆ, ಆಗ ಹೋಲಿಕೆ ಕೆಡುತ್ತದೆ.

ಇದರ ಮಿತಿಯನ್ನೂ ಹೇಳಬೇಕು. ಎಂಟಕ್ಕೆ ಎಂಟು ಹೋಲಿಸುವಾಗ ಬರೀ ಓಲಾಟದಿಂದಲೇ 5–6 ಅಂಕದ ಅಂತರ ಬರಬಹುದು. ಆದ್ದರಿಂದ 11ಕ್ಕಿಂತ ಹೆಚ್ಚಿನ ಅಂತರ ಬಂದರೆ ಮಾತ್ರ ಧೈರ್ಯವಾಗಿ ಪಾಠದ ಫಲ ಎನ್ನಬಹುದು, ಮತ್ತು ಒಂದು ತಿಂಗಳ ಸಂಜೆ ಪಾಠದಿಂದ 11 ಅಂಕ ನಿರೀಕ್ಷಿಸುವುದು ಹೆಚ್ಚಾಯಿತು. ನಿಮ್ಮ ಹೋಬಳಿಯ ಐದು ಶಾಲೆಗಳ ಗಣಿತ ಶಿಕ್ಷಕರು ಸೇರಿ, ಒಂದೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಪ್ರತಿ ಶಾಲೆಯಲ್ಲೂ ಹೀಗೇ ಚೀಟಿ ಎತ್ತಿದರೆ 40ಕ್ಕೆ 40 ಮಕ್ಕಳಾಗುತ್ತಾರೆ. ಆಗ 5 ಅಂಕದ ನಿಜವಾದ ಫಲವೂ ಕಣ್ಣಿಗೆ ಬೀಳುವ ಹಂತಕ್ಕೆ ಬರುತ್ತದೆ. ಉತ್ತರಪತ್ರಿಕೆಗಳನ್ನು ಶಾಲೆ ಶಾಲೆಗಳ ನಡುವೆ ಅದಲುಬದಲು ಮಾಡಿ, ಯಾವ ಮಗು ಯಾವ ಗುಂಪಿನದು ಎಂದು ತಿಳಿಯದಂತೆ ಮೌಲ್ಯಮಾಪನ ಮಾಡಿಸಿ. ಸಂಜೆ ತಾನೇ ಕೂರಿಸಿಕೊಂಡು ಕಲಿಸಿದ ಮಗುವಿನ ಹಂತಕ್ಕೆ ಅರ್ಧ ಅಂಕ ಹೆಚ್ಚು ಹಾಕುವ ಆಸೆ ಎಂಥ ಶಿಕ್ಷಕರಿಗೂ ಆಗುತ್ತದೆ.